ಪ್ಯಾಚ್ ಟೆಸ್ಟಿಗೆ ಕನ್ನಡ

ಸುಮಂಗಲಾ ಇಂಗ್ಲಿಷ್ ಚೀಟಿಯನ್ನು ಮತ್ತೊಮ್ಮೆ ಓದಿ, ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡಳು. ಕೂದಲು ತೆಗೆಯುವ ಕ್ರೀಮಿನ ಡಬ್ಬಿಯೊಳಗೆ ಮಡಚಿಡುವ ಚೀಟಿ ಅದು. ಇರುವೆ ಸಾಲಿನಂಥ ಅಕ್ಷರ. ಒಂದು ಬದಿಗೆ ಕ್ರೀಮಿನ ಸೂಚನೆ, ಇನ್ನೊಂದು ಬದಿಗೆ ಅದೇ ಕಂಪನಿಯ ವ್ಯಾಕ್ಸ್ ಪಟ್ಟಿಯ ಸೂಚನೆ. ಎರಡರಲ್ಲೂ ಮೊದಲು ಕಾಣುವುದು ಪ್ಯಾಚ್ ಟೆಸ್ಟ್ ಎಂಬ ಮಾತು.

"ಪ್ಯಾಚ್ ಅಂದ್ರ ಏನಂತ ಬರೀಲಿ?" ಎಂದು ಅವಳು ಗಂಡನನ್ನು ಕೇಳಿದಳು. "ಡಿಕ್ಷನರ್ಯಾಗ ತೇಪೆ ಅಂತ ಐತಿ."

ಕಾಶಿನಾಥ ರೈಲ್ವೆಯಲ್ಲಿ ಗೂಡ್ಸ್ ಗಾರ್ಡು. ಡ್ಯೂಟಿ ಮುಗಿಸಿ ಬಂದು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ. "ತೇಪಿ ಪರೀಕ್ಷೆ ಅಂತ ಬರದ್ರ ಮಂದಿ ಸೈಕಲ್ ಟ್ಯೂಬ್ ನೀರಾಗ ಮುಳುಗಿಸಿ ಗುಳ್ಳಿ ನೋಡ್ತಾರ," ಎಂದು ನಕ್ಕ.

ಸುಮಂಗಲಾಳೂ ನಕ್ಕಳು. ಆದರೆ ಪೆನ್ನು ಮುಂದೆ ಸರಿಯಲಿಲ್ಲ.

ಮದುವೆಗೆ ಮೊದಲು ಅವಳು ಮಾನ್ವಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಮಲ್ಕಾಜ್‌ಗಿರಿಗೆ ಬಂದ ಮೇಲೆ ಕನ್ನಡ ಕಲಿಯುವ ಮಕ್ಕಳು ಸಿಗಲಿಲ್ಲ, ಕನ್ನಡ ಬೇಕಾದ ಕಂಪನಿಗಳು ಸಿಕ್ಕವು. ಹೈದರಾಬಾದಿನ ಸಣ್ಣಪುಟ್ಟ ಕಾರ್ಖಾನೆಯವರು ರಾಯಚೂರು, ಬಳ್ಳಾರಿ ಕಡೆ ಮಾಲು ಕಳಿಸಬೇಕಾದಾಗ ಪೊಟ್ಟಣದ ಮೇಲಿನ ಮಾತಿಗೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಸೊಳ್ಳೆಬತ್ತಿ, ಪಾತ್ರೆ ಸೋಪು, ಅನ್ನದ ಕುಕ್ಕರು, ಎಲ್ಲದಕ್ಕೂ ಅವಳು ಕನ್ನಡ ಬರೆದಿದ್ದಳು. ತನಗೆ ತಿಳಿಯದ್ದನ್ನು ಬರೆಯುವುದಿಲ್ಲ ಎಂಬುದು ಅವಳ ಹಟ. ಕುಕ್ಕರಿನ ಪುಸ್ತಕ ಬರೆಯುವಾಗ ಕಂಪನಿಯಿಂದ ಒಂದು ಕುಕ್ಕರನ್ನೇ ತರಿಸಿಕೊಂಡು, ಅದರಲ್ಲಿ ಅನ್ನ, ಬೇಳೆ, ಕೊನೆಗೆ ಹೋಳಿಗೆಯ ಹೂರಣವನ್ನೂ ಮಾಡಿ ನೋಡಿದ್ದಳು. ಆದರೆ ಕೂದಲು ತೆಗೆಯುವ ಕ್ರೀಮನ್ನು ಅವಳು ಜನ್ಮದಲ್ಲಿ ಮುಟ್ಟಿರಲಿಲ್ಲ. ವ್ಯಾಕ್ಸ್ ಎಂದರೆ ಮೇಣ ಎಂದು ಗೊತ್ತಿತ್ತು. ಅದು ಮೈಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಹೇಳಲಾರಳು.

ಮರುದಿನ ಅವಳು ಬಸ್ಸು ಹತ್ತಿ ಕುಷಾಯಿಗೂಡದ ಕಾರ್ಖಾನೆಗೇ ಹೋದಳು.

ಕಾರ್ಖಾನೆಯ ಮಾಲೀಕ ಸೂರ್ಯನಾರಾಯಣ ಅರವತ್ತರ ಹತ್ತಿರದವರು. ಹಿಂದೆ ಔಷಧಿ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದವರು, ಈಗ ಸ್ವಂತದ್ದು ನಡೆಸುತ್ತಿದ್ದರು. ಅವರ ಜೊತೆ ಸುಮಂಗಲಾಳದು ತೆಲುಗು ಮಾತು. ಅನುವಾದ ಮಾಡುವವರು ಯಾರೂ ಇಷ್ಟು ದೂರ ಬಂದು ಪ್ರಶ್ನೆ ಕೇಳಿರಲಿಲ್ಲವಾದ್ದರಿಂದ ಅವರಿಗೆ ಖುಷಿಯೇ ಆಯಿತು. ಚಹ ತರಿಸಿ, ಒಂದು ಟ್ಯೂಬನ್ನೂ ಒಂದು ವ್ಯಾಕ್ಸ್ ಪಟ್ಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಎರಡೂ ಕೂದಲು ತೆಗೆಯುತ್ತವೆ, ಆದರೆ ದಾರಿ ಬೇರೆ ಬೇರೆ," ಎಂದರು. "ಕೂದಲು ಒಂದು ಥರದ ಪ್ರೋಟೀನು. ಕ್ರೀಮಿನಲ್ಲಿರುವ ರಾಸಾಯನಿಕ ಆ ಪ್ರೋಟೀನಿನ ಗಂಟು ಬಿಚ್ಚುತ್ತದೆ. ಕೂದಲು ನೆನೆದ ಸೇವಿಗೆಯ ಹಾಗೆ ಮೆತ್ತಗಾಗುತ್ತದೆ, ಆಮೇಲೆ ಒರೆಸಿ ತೆಗೆಯಬಹುದು. ಆದರೆ ಮೇಡಂ, ಚರ್ಮದ ಮೇಲ್ಪದರದಲ್ಲೂ ಅದೇ ಪ್ರೋಟೀನಿದೆ. ಇದು ಕೂದಲು, ಇದು ಚರ್ಮ ಅಂತ ಕ್ರೀಮಿಗೆ ಗೊತ್ತಾಗುವುದಿಲ್ಲ. ಮೊದಲು ಕೂದಲನ್ನು ತಿನ್ನುತ್ತದೆ, ಬಿಟ್ಟರೆ ಚರ್ಮವನ್ನೂ ತಿನ್ನುತ್ತದೆ."

"ಅದಕ್ಕೇ ಟೈಮಿನ ಮಾತು ಅಷ್ಟು ಸಲ ಬರೆದಿರೋದಾ?"

"ಅದಕ್ಕೇ. ಐದು ನಿಮಿಷಕ್ಕೆ ಸ್ವಲ್ಪ ಜಾಗ ಒರೆಸಿ ನೋಡಬೇಕು. ಕೂದಲು ಬಂದರೆ ಎಲ್ಲ ತೆಗೆಯಬೇಕು. ಬರದಿದ್ದರೆ ಇನ್ನಷ್ಟು ಹೊತ್ತು. ನಮ್ಮ ಕ್ರೀಮಿಗೆ ಒಟ್ಟು ಹತ್ತು ನಿಮಿಷದ ಮೇಲೆ ಒಂದು ಕ್ಷಣವೂ ಬೇಡ. ಉರಿ ಶುರುವಾದರೆ ಗಡಿಯಾರ ನೋಡುವುದೇ ಬೇಡ, ತಕ್ಷಣ ತೊಳೆಯಬೇಕು."

ವ್ಯಾಕ್ಸ್ ಪಟ್ಟಿಯನ್ನು ಅವರು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ, ಎರಡು ಹಾಳೆಗಳನ್ನು ನಿಧಾನವಾಗಿ ಬಿಡಿಸಿ ತೋರಿಸಿದರು. ಇದರಲ್ಲಿ ಕರಗಿಸುವ ಮಾತಿಲ್ಲ, ಅಂಟಿಸಿ ಕೀಳುವುದು. ಕೂದಲು ಬೆಳೆದ ದಿಕ್ಕಿಗೆ ಪಟ್ಟಿ ಅಂಟಿಸಿ ನೀವಬೇಕು, ಚರ್ಮವನ್ನು ಬಿಗಿಯಾಗಿ ಹಿಡಿದು, ಎದುರು ದಿಕ್ಕಿಗೆ, ಮೈಗೆ ತಾಗಿದಂತೆಯೇ ಒಮ್ಮೆಲೇ ಎಳೆಯಬೇಕು. ಮೇಲಕ್ಕೆ ಎತ್ತಿ ಎಳೆದರೆ ನೋವು ಹೆಚ್ಚು, ಕೂದಲು ತುಂಡಾಗುತ್ತದೆ. ಕೂದಲಿನ ಜೊತೆ ಚರ್ಮದ ಮೇಲಿನ ಸತ್ತ ಪದರವೂ ಒಂದಿಷ್ಟು ಪಟ್ಟಿಗೆ ಹತ್ತಿಕೊಂಡು ಬರುತ್ತದೆ. ಗಟ್ಟಿ ಚರ್ಮಕ್ಕೆ ಅದು ಲೆಕ್ಕಕ್ಕಿಲ್ಲ.

ಸುಮಂಗಲಾ ಎಲ್ಲವನ್ನೂ ಬಾಯಿಬಿಟ್ಟುಕೊಂಡು ಕೇಳಿದಳು. ಪಾಠ ಮಾಡುವ ಕಾಲದಲ್ಲಿ ಪಕ್ಕದ ಕ್ಲಾಸಿನ ವಿಜ್ಞಾನದ ಪಾಠಕ್ಕೆ ಕಿವಿ ಕೊಡುತ್ತಿದ್ದವಳು ಅವಳು. ಹೊರಡುವಾಗ ಸೂರ್ಯನಾರಾಯಣ ಮೈಗೆ ಹಚ್ಚುವ ಕ್ರೀಮು, ಮುಖಕ್ಕೂ ಆಗುವ ಸಣ್ಣ ವ್ಯಾಕ್ಸ್ ಪಟ್ಟಿಗಳ ಪೊಟ್ಟಣ ಎರಡನ್ನೂ ಒಂದು ಚೀಲದಲ್ಲಿ ಹಾಕಿಕೊಟ್ಟರು.

ಕ್ರೀಮಿನ ಪರೀಕ್ಷೆಗೆ ಕಾಶಿನಾಥನ ಕೈ ಬಲಿಯಾಯಿತು. ಅವನ ಮುಂಗೈ ಮೇಲೆ ಕಂಬಳಿಯಷ್ಟು ಕೂದಲು.

"ಮೊದ್ಲು ಇಷ್ಟೇ ಇಷ್ಟು," ಎಂದು ಸುಮಂಗಲಾ ರೂಪಾಯಿ ಅಗಲದ ಜಾಗಕ್ಕೆ ಪ್ಲಾಸ್ಟಿಕ್ ಚಮಚದಿಂದ ಕ್ರೀಮು ಹಚ್ಚಿದಳು. ಹೇಳಿದಷ್ಟು ಹೊತ್ತು ಬಿಟ್ಟು ತೊಳೆದಳು. "ಇನ್ನ ಒಂದು ದಿನ ಕಾಯ್ಬೇಕು. ಕೆಂಪಾಗ್ತೈತೋ, ತುರಿಸ್ತೈತೋ ನೋಡ್ಬೇಕು."

ಕಾಶಿನಾಥ ಡ್ಯೂಟಿಗೆ ಹೋಗಿ ಮರುದಿನ ಮಧ್ಯಾಹ್ನ ಬಂದ. ಬಂದವನೇ ಬಾಗಿಲಲ್ಲೇ ತೋಳು ಮಡಚಿ ತೋರಿಸಿದ. ಕಾಡಿನ ನಡುವೆ ಮೈದಾನದಂತೆ ಒಂದು ಬೋಳು ಜಾಗ, ಕೆಂಪಿಲ್ಲ, ಉರಿಯಿಲ್ಲ. "ಬಲ್ಲಾರಶಾ ಮುಟ್ಟೋ ತನಕ ಡ್ರೈವರ್ ವಾಕಿಟಾಕ್ಯಾಗ ಇದ್ರ ಬಗ್ಗೇನ ಕೇಳಾಕತ್ತಿದ್ದ," ಎಂದ. "ಲೈನ್ ಕ್ಲಿಯರ್ ಆತು. ಈಗ ಪೂರ್ತಿ ಹಚ್ಚು."

ಆ ಬೋಳು ಜಾಗವೊಂದನ್ನು ಬಿಟ್ಟು ಪೂರ್ತಿ ಹಚ್ಚಿದಳು. ಮನೆಯೆಲ್ಲ ಮೊಟ್ಟೆ ಕೆಟ್ಟಂಥ ವಾಸನೆ. ಐದು ನಿಮಿಷಕ್ಕೆ ಒಂದು ಮೂಲೆ ಕೆರೆದು ನೋಡಿದರೆ ಅರ್ಧ ಕೂದಲು ಬಂತು, ಅರ್ಧ ಉಳಿಯಿತು. ಇನ್ನಷ್ಟು ಬಿಟ್ಟು ಒರೆಸಿದಾಗ ಒದ್ದೆ ಹತ್ತಿಯಂತೆ ರಾಶಿ ಚಮಚಕ್ಕೆ ಬಂತು. ಅಲ್ಲಲ್ಲಿ ಗಡುಸು ಕೂದಲು ನಿಂತೇ ಇತ್ತು.

"ಇನ್ನೊಂದೀಟು ಬಿಡೋಣಲ್ಲ, ಪೂರಾ ಹೋಗ್ಲಿ," ಎಂದ ಕಾಶಿನಾಥ.

"ಬ್ಯಾಡ್ರಿ. ಹತ್ತು ನಿಮಿಷ ಆತು. ಉಳದಿದ್ದು ಉಳೀಲಿ," ಎಂದು ಅವಳು ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಸೋಪಿಗೆ ಕೈ ಹಾಕಿದವನನ್ನು ತಡೆದು, ಬರೇ ನೀರಿನಲ್ಲಿ ತೊಳೆಸಿದಳು. ಆ ಕೈ ನೋಡಿ ಅವನಿಗೆ ಅದು ತನ್ನದೇ ಎಂದು ನಂಬಿಕೆ ಬರಲು ವಾರ ಹಿಡಿಯಿತು.

ಕ್ರೀಮು ಅರ್ಥವಾದ ಮೇಲೆ ಬರವಣಿಗೆ ಸರಾಗವಾಯಿತು. ಮೈಕ್ರೀಮನ್ನು ಮುಖಕ್ಕೆ, ಮರ್ಮಸ್ಥಾನಕ್ಕೆ, ಮಚ್ಚೆ ಗಾಯಗಳ ಮೇಲೆ ಹಚ್ಚಬಾರದು. ಉಜ್ಜಬಾರದು. ಒಮ್ಮೆ ಬಳಸಿದ ಮೇಲೆ ಮೂರು ದಿನ ಅದೇ ಜಾಗಕ್ಕೆ ಮತ್ತೆ ಬೇಡ. ಪ್ಯಾಚ್ ಟೆಸ್ಟಿಗೆ ಅವಳು ಹೀಗೆ ಬರೆದಳು: 'ಮೊದಲು ಚರ್ಮದ ಒಂದು ಸಣ್ಣ ಜಾಗದಲ್ಲಿ ಬಳಸಿ, ಒಂದು ದಿನ ಕಾದು ನೋಡಿ.' ಓದಿ ನೋಡಿದಳು. ತೇಪೆಯ ಕಾಟ ತಪ್ಪಿತ್ತು. ವಾಕ್ಯ ಚಿಕ್ಕದು, ಚೊಕ್ಕ.

ವ್ಯಾಕ್ಸಿನ ಬದಿಯಲ್ಲಿ ಮಾತ್ರ ಒಂದು ಪದ ಕಾಲಿಗೆ ತೊಡರಿತು. ರೆಟಿನಾಯ್ಡ್ ಬಳಸುತ್ತಿರುವವರು ವ್ಯಾಕ್ಸ್ ಮಾಡಬಾರದು ಎಂದಿತ್ತು. ಯಾವ ಡಿಕ್ಷನರಿಯಲ್ಲೂ ಕನ್ನಡ ಸಿಗಲಿಲ್ಲ. ಸೂರ್ಯನಾರಾಯಣರಿಗೆ ಫೋನು ಮಾಡಿದಳು. ಅವರು ವಿಜಯವಾಡದ ದಾರಿಯಲ್ಲಿದ್ದರು, ಗಾಳಿಯ ಸದ್ದು. "ಅದು ಔಷಧಿ ಹೆಸರು ಮೇಡಂ, ಹಾಗೇ ಬರೆದುಬಿಡಿ," ಎಂದರು. ಅವಳು ಹಾಗೇ ಬರೆದಳು.

ಆ ತಿಂಗಳು ಅವರ ಮನೆಯಲ್ಲಿ ನಿರೀಕ್ಷಾ ಇದ್ದಳು. ಕಾಶಿನಾಥನ ತಂಗಿಯ ಮಗಳು, ಸಿಂಧನೂರಿನವಳು. ಮಾದಾಪುರದ ಕಂಪನಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಹಾಸ್ಟೆಲು ಸಿಗುವ ತನಕ ಮಾವನ ಮನೆಯಿಂದಲೇ ಮೆಟ್ರೋದಲ್ಲಿ ಓಡಾಡುತ್ತಿದ್ದಳು. ಕಂಪನಿಯ ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡಲು ಅವಳನ್ನು ಆರಿಸಿದ್ದರು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವಾಗ ಮೇಲ್ದುಟಿಯ ಮೇಲಿನ ನವಿರು ಅವಳ ಕಣ್ಣಿಗೆ ಚುಚ್ಚತೊಡಗಿತ್ತು.

"ಅತ್ತಿ, ಆ ಸಣ್ಣ ಪಟ್ಟಿ ನಾ ಹಚ್ಕೋಬಹುದಾ?"

"ಹಚ್ಕೋ. ಆದ್ರ ಮೊದ್ಲು ಇದನ್ನ ಓದು," ಎಂದು ಸುಮಂಗಲಾ ತನ್ನ ಕನ್ನಡ ಪ್ರತಿಯನ್ನೇ ಕೊಟ್ಟಳು. ಓದುವವಳೊಬ್ಬಳು ಸಿಕ್ಕಳೆಂಬ ಸಂತೋಷ ಒಳಗೆ. "ಎಲ್ಲೆರ ತಿಳೀಲಿಲ್ಲಂದ್ರ ಹೇಳು."

ನಿರೀಕ್ಷಾ ಪರೀಕ್ಷೆಗೆ ಓದುವವಳಂತೆ ಓದಿದಳು. ಶುಕ್ರವಾರ ಮುಂಗೈ ಮೇಲೆ ಒಂದು ಪಟ್ಟಿ ಅಂಟಿಸಿ ಎಳೆದು ನೋಡಿದಳು. ಶನಿವಾರವೆಲ್ಲ ಕಾದಳು. ಏನೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಬಾಲ್ಕನಿಯ ಬೆಳಕಿನಲ್ಲಿ ಕನ್ನಡಿ ಇಟ್ಟುಕೊಂಡು ಕೂತಳು. ಪಟ್ಟಿಯನ್ನು ಅಂಗೈಯಲ್ಲಿ ಉಜ್ಜಿದಳು, ತುಟಿಯ ನಡುವಿನಿಂದ ಬಾಯಿಯ ಮೂಲೆಯ ಕಡೆಗೆ ನೀವಿ ಅಂಟಿಸಿದಳು, ಚರ್ಮ ಬಿಗಿಹಿಡಿದು ಎದುರು ದಿಕ್ಕಿಗೆ ಎಳೆದಳು.

ಅಡಿಗೆಮನೆಯಲ್ಲಿದ್ದ ಸುಮಂಗಲಾಳಿಗೆ ಕೇಳಿಸಿದ್ದು ಚೀರಾಟವಲ್ಲ, ಗಾಳಿ ಒಳಗೆಳೆದುಕೊಂಡ ಸಪ್ಪಳ. ಓಡಿಬಂದು ನೋಡಿದಳು. ತುಟಿಯ ಎಡಭಾಗದ ಮೇಲೆ ಬೆರಳುಗುರಿನಷ್ಟು ಜಾಗ ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಚರ್ಮದ ಮೇಲಿನ ಪದರವೇ ಹೋಗಿತ್ತು. ಪಟ್ಟಿಯ ಮೇಲೆ ಕೂದಲಿನ ಜೊತೆ ಹಾಲಿನ ಕೆನೆಯಂಥ ತೆಳ್ಳನೆಯದೇನೋ ಸುಕ್ಕಾಗಿ ಅಂಟಿಕೊಂಡಿತ್ತು.

ಕಾಶಿನಾಥ ಅರಿಶಿನದ ಡಬ್ಬಿ ಹಿಡಿದು ಬಂದ. "ಏನೂ ಹಚ್ಬ್ಯಾಡ್ರಿ," ಎಂದು ಸುಮಂಗಲಾ ಅವನನ್ನು ತಡೆದಳು. ತಣ್ಣೀರಿನಲ್ಲಿ ಶುಭ್ರವಾದ ಬಟ್ಟೆ ನೆನೆಸಿ, ಒತ್ತದೆ, ಬರೇ ತಾಗಿಸಿ ಹಿಡಿದಳು. ಬಲಭಾಗಕ್ಕೆ ಇನ್ನೂ ಪಟ್ಟಿ ಹಚ್ಚಿರಲಿಲ್ಲ, ಅದೊಂದು ಪುಣ್ಯ.

ನಿರೀಕ್ಷಾಳ ಕಣ್ಣಲ್ಲಿ ನೀರು ನಿಂತಿತ್ತು. ಆದರೆ ಅವಳು ಹೇಳಿದ ಮಾತು ನೋವಿನದಾಗಿರಲಿಲ್ಲ.

"ನೀವು ಬರದಂಗ ಮಾಡೀನಲ್ರಿ ಅತ್ತಿ. ಒಂದೂ ಬಿಟ್ಟಿಲ್ಲ."

ಆ ಮಾತು ಸುಮಂಗಲಾಳ ಎದೆಗೆ ನಾಟಿತು. ಅವಳು ಪ್ರತಿಯನ್ನು ತೆಗೆದುಕೊಂಡು ಒಂದೊಂದೇ ಸಾಲು ಓದಿದಳು, ನಿರೀಕ್ಷಾ ತಲೆಯಾಡಿಸುತ್ತ ಹೋದಳು. ಬೆಚ್ಚಗೆ ಮಾಡಿದ್ದೆ. ದಿಕ್ಕು ನೋಡಿದ್ದೆ. ಒಂದೇ ಸಲ ಎಳೆದೆ. ಅದೇ ಜಾಗಕ್ಕೆ ಎರಡನೆಯ ಸಲ ಹಚ್ಚಲಿಲ್ಲ. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ.

ಪೊಟ್ಟಣವೇ ಕೆಟ್ಟಿರಬಹುದೆ? ಅವಳು ಅದೇ ಪೊಟ್ಟಣದ ಇನ್ನೊಂದು ಪಟ್ಟಿಯನ್ನು ತನ್ನ ಮುಂಗೈಗೆ ಅಂಟಿಸಿ ಎಳೆದಳು. ಚುರ್ ಎಂದಿತು, ಚರ್ಮ ಸ್ವಲ್ಪ ಕೆಂಪಾಯಿತು, ಅಷ್ಟೆ. ನಿರೀಕ್ಷಾಳ ಮುಂಗೈಯೂ ಹಾಗೇ ಇತ್ತು, ನಯವಾಗಿ. ಅದೇ ಪಟ್ಟಿ, ಅದೇ ಹುಡುಗಿ. ಕೈಗೆ ಆಗದ್ದು ತುಟಿಗೆ ಯಾಕಾಯಿತು?

ಅಪರಾಧಿಭಾವ ಹೋಗಿರಲಿಲ್ಲ. ಆದರೆ ಅದರ ಮೇಲೇರಿ ಕುತೂಹಲ ಕೂತಿತ್ತು. ಸುಮಂಗಲಾ ಸ್ಟೂಲು ಎಳೆದುಕೊಂಡು ಹುಡುಗಿಯ ಎದುರು ಕೂತಳು.

"ಮುಖದ ಚರ್ಮ ತೆಳ್ಳಗ ಇರ್ತೈತಿ, ಅದು ಖರೆ. ಆದ್ರ ಈ ಪಟ್ಟಿ ಮುಖಕ್ಕಂತನ ಮಾಡಿದ್ದು. ಎಲ್ಲಾರಿಗೂ ಹಿಂಗಾದ್ರ ಯಾರು ತಗೋತಾರ? ಕೈಗೆ ಹಚ್ಚಲಾರದ್ದು, ಬರೇ ಮುಖಕ್ಕ ಹಚ್ಚೋದು ಏನೇನು ಐತಿ ಹೇಳು."

"ಫೇಸ್‌ವಾಶ್. ಬಿಸಿಲಿನ ಕ್ರೀಮ್." ನಿರೀಕ್ಷಾ ಬಟ್ಟೆಯ ಹಿಂದಿನಿಂದ ತೊದಲಿದಳು. "ಮತ್ತ ಮಲಗೋ ಮುಂದ ಮೊಡವಿ ಜೆಲ್."

"ಅದು ಎಂದಿನಿಂದ?"

"ದೀಪಾವಳಿಯಿಂದ. ಸಿಂಧನೂರಾಗ ಡಾಕ್ಟ್ರು ಬರಕೊಟ್ಟಿದ್ರು."

"ತುಟಿ ಮ್ಯಾಲೂ ಹಚ್ತೀಯೇನು?"

"ಮುಖಕ್ಕೆಲ್ಲಾ ತೆಳ್ಳಗ ಸವರ್ತೀನ್ರಿ."

ಸುಮಂಗಲಾ ಜೆಲ್ಲಿನ ಟ್ಯೂಬು ತರಿಸಿದಳು. ಮೇಲೆ ದೊಡ್ಡದಾಗಿ ಬ್ರಾಂಡಿನ ಹೆಸರು. ಕೆಳಗೆ ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ ಅಕ್ಷರದಲ್ಲಿ ಅಡಾಪಲೀನ್ ಎಂದಿತ್ತು. ಡಬ್ಬಿಯನ್ನು ನಿರೀಕ್ಷಾ ಎಸೆದಿರಲಿಲ್ಲ. ಒಳಗಿನ ಚೀಟಿಯನ್ನು ಬಿಡಿಸಿ ಅವಳೇ ಓದತೊಡಗಿದಳು. ಅರ್ಧಕ್ಕೆ ಬಂದಾಗ ಬೆರಳು ನಿಂತಿತು.

"ಅತ್ತಿ, ಇಲ್ನೋಡ್ರಿ. ಇದು ರೆಟಿನಾಯ್ಡ್ ಜಾತಿ ಔಷಧಿ ಅಂತ. ಇದನ್ನ ಹಚ್ಚಿದ ಜಾಗಕ್ಕ ವ್ಯಾಕ್ಸ್ ಮಾಡಬಾರ್ದು ಅಂತನೂ ಐತಿ."

ಸುಮಂಗಲಾ ತನ್ನ ಪ್ರತಿಯನ್ನು ಎತ್ತಿಕೊಂಡಳು. 'ರೆಟಿನಾಯ್ಡ್ ಬಳಸುತ್ತಿರುವವರು ವ್ಯಾಕ್ಸ್ ಮಾಡಬಾರದು.' ತನ್ನದೇ ದುಂಡಗಿನ ಕೈಬರಹ.

"ಈ ಸಾಲು ಓದಿದ್ದ್ಯಲ್ಲ?"

"ಓದಿದ್ದೆ. ಅದು ಯಾವುದೋ ದೊಡ್ಡ ರೋಗದ ಗುಳಿಗಿ ಅಂದ್ಕೊಂಡೆ. ನಂದು ಮೊಡವಿ ಜೆಲ್ ಅಲ್ರಿ?"

ಒಬ್ಬಳು ಅರ್ಥ ತಿಳಿಯದೆ ಬರೆದಿದ್ದಳು, ಇನ್ನೊಬ್ಬಳು ಅರ್ಥ ತಿಳಿಯದೆ ದಾಟಿಹೋಗಿದ್ದಳು. ಕಾಶಿನಾಥ ಅರಿಶಿನದ ಡಬ್ಬಿಯನ್ನು ಸದ್ದಿಲ್ಲದೆ ಒಳಗಿಟ್ಟು ಬಂದ.

ಸೋಮವಾರ ನಿರೀಕ್ಷಾ ರಜೆ ಹಾಕಿದಳು. ಇಬ್ಬರೂ ಚರ್ಮದ ಡಾಕ್ಟರ ಹತ್ತಿರ ಹೋದರು. ಡಾಕ್ಟರ್ ಸ್ನೇಹಲತಾ ಬೀದರಿನವರು, ಕನ್ನಡ ಕೇಳಿ ಮುಖ ಅರಳಿಸಿದರು. ಗಾಯ ನೋಡಿ, ಜೆಲ್ಲಿನ ಟ್ಯೂಬು ನೋಡಿ, ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ.

"ಈ ಜೆಲ್ ಏನು ಮಾಡತದ ಗೊತ್ತಾ? ಚರ್ಮದ ಮ್ಯಾಲಿನ ಪದರ ಲಗೂ ಲಗೂ ಉದುರಿ ಹೊಸಾದು ಬರೋ ಹಂಗ ಮಾಡತದ. ಮೊಡವಿಗೆ ಅದು ಛಲೋ. ಆದರ ಅದನ್ನ ಹಚ್ಚೋ ಅಷ್ಟು ದಿನ ಮ್ಯಾಲಿನ ಪದರ ಸಡಿಲ ಇರತದ. ವ್ಯಾಕ್ಸ್ ಪಟ್ಟಿ ಸತ್ತ ಪದರ ಅಷ್ಟೇ ತರಬೇಕಾದಲ್ಲಿ, ಕೆಳಗಿಂದೂ ಕಿತ್ಕೊಂಡು ಬಂತು."

"ಕೈ ಮ್ಯಾಲೆ ಟೆಸ್ಟ್ ಮಾಡಿದ್ದಳ್ರಿ," ಎಂದಳು ಸುಮಂಗಲಾ. "ಏನೂ ಆಗಿರಲಿಲ್ಲ."

"ಕೈಗೆ ಜೆಲ್ ಹಚ್ಚಂಗಿಲ್ಲಲ್ಲ. ಕೈ ಕೊಟ್ಟ ಉತ್ತರ ಕೈಯಿಂದು. ಎಲ್ಲಿ ಕೂದಲ ತೆಗೀಬೇಕೋ ಅಲ್ಲೇ, ಒಂದು ಮೂಲ್ಯಾಗ ನೋಡಬೇಕು. ಅದೂ ಇಂಥ ಔಷಧಿ ಇದ್ದರ ಟೆಸ್ಟೇ ಬ್ಯಾಡ, ವ್ಯಾಕ್ಸೇ ಬ್ಯಾಡ."

ಸುಮಂಗಲಾ ಚೀಲದಿಂದ ಪೆನ್ನು ತೆಗೆದಳು. ಡಾಕ್ಟರು ನಕ್ಕರು, ಆದರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಜೆಲ್ ಬಿಟ್ಟು ಎಷ್ಟು ದಿನಕ್ಕೆ ವ್ಯಾಕ್ಸ್ ಮಾಡಬಹುದು? ಕಡಿಮೆಯೆಂದರೂ ಒಂದು ವಾರ, ಜೆಲ್ ಬರೆದುಕೊಟ್ಟ ಡಾಕ್ಟರನ್ನು ಕೇಳಿಯೇ. ಅದೇ ಜಾತಿಯ ಗುಳಿಗೆ ನುಂಗುವವರಾದರೆ? ಅವರಿಗೆ ಇಡೀ ಮೈಗೆ ಬೇಡ. ಗುಳಿಗೆ ನಿಲ್ಲಿಸಿದ ಮೇಲೂ ಆರು ತಿಂಗಳು ಬೇಡ. ವ್ಯಾಕ್ಸಿನ ಬದಲು ಕೂದಲು ತೆಗೆಯುವ ಕ್ರೀಮು ಹಚ್ಚಿದ್ದರೆ? ಸಡಿಲ ಚರ್ಮಕ್ಕೆ ಅದೂ ಉರಿಯೇ. ಹಾಗಾದರೆ ಹುಡುಗಿ ಏನು ಮಾಡಬೇಕು? "ದಾರದಿಂದ ತೆಗೆಸಿದರೂ ಅಲ್ಲಿ ಎಳೆತ ಆಗತದ. ಗಾಯ ಮಾಯೋ ತನಕ ಏನೂ ಬ್ಯಾಡ. ಆ ನವಿರು ನಿನಗ ಬಿಟ್ಟು ಯಾರಿಗೂ ಕಾಣಂಗಿಲ್ಲ ತಂಗಿ."

ಜೆಲ್ಲನ್ನು ಸದ್ಯಕ್ಕೆ ನಿಲ್ಲಿಸಿ, ಗಾಯಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ ಸವರುತ್ತ, ಬಿಸಿಲಿಗೆ ಬೀಳದೆ, ಹಕ್ಕಳೆ ಕೀಳದೆ ಇರಬೇಕೆಂದು ಹೇಳಿ ಕಳಿಸಿದರು.

ವಾರ್ಷಿಕೋತ್ಸವದ ದಿನ ನಿರೀಕ್ಷಾಳ ತುಟಿಯ ಮೇಲೆ ಕಂದು ಕಲೆ ಇನ್ನೂ ಇತ್ತು. ಅವಳು ಮುಖಕ್ಕೆ ಬಣ್ಣ ಮೆತ್ತಲಿಲ್ಲ. ಮರಳಿ ಬಂದಾಗ ಕಾಶಿನಾಥ ಕೇಳಿದ, "ಯಾರರ ಏನರ ಅಂದ್ರೇನು?"

"ಮೊದಲ ಸಾಲ್ನಾಗ ಕುಂತಾಕಿ ಒಬ್ಬಾಕಿ ಕೇಳಿದ್ಲು. ನಾ ಜೆಲ್ಲಿನ ಕತಿ ಹೇಳಿದೆ. ಮಾವ, ಅಕಿನೂ ಅದೇ ಜೆಲ್ ಹಚ್ತಾಳಂತ! ಮುಂದಿನ ವಾರ ಪಾರ್ಲರಿಗೆ ಹೋಗೋದಿತ್ತಂತ. ಗಾಬರ್ಯಾಗಿ ಬಿಟ್ಲು."

ಸುಮಂಗಲಾ ಆ ವಾರವೇ ಮತ್ತೆ ಕುಷಾಯಿಗೂಡಕ್ಕೆ ಹೋದಳು. ಈ ಸಲ ಚಹ ಬರುವುದರೊಳಗೇ ವಿಷಯ ಹೇಳಿ ಮುಗಿಸಿದಳು. ಸೂರ್ಯನಾರಾಯಣ ಕೇಳುತ್ತ ಕೇಳುತ್ತ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರು.

"ಆದರೆ ಮೇಡಂ, ನಾವು ಬರೆದೇ ಇದ್ದೇವಲ್ಲ. ಇಂಗ್ಲಿಷಿನಲ್ಲಿದೆ, ನಿಮ್ಮ ಕನ್ನಡದಲ್ಲೂ ಇದೆ."

"ಬರೆದಿದ್ದೇವೆ ಸಾರ್. ನಾನೂ ಬರೆದೆ, ನನಗೇ ಅದು ಏನು ಅಂತ ಗೊತ್ತಿರಲಿಲ್ಲ. ಡಬ್ಬಿ ತಗೊಳ್ಳೋ ಹುಡುಗಿಗೆ ತನ್ನ ಮೊಡವೆ ಜೆಲ್ಲಿನ ಜಾತಿ ಹೆಸರು ಗೊತ್ತಿರುತ್ತದಾ?"

ಸೂರ್ಯನಾರಾಯಣ ಇಂಗ್ಲಿಷ್ ಚೀಟಿಯನ್ನು ಹತ್ತಿರ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದರು. ತಮಗೆ ದಿನನಿತ್ಯದ ಪದವಾಗಿದ್ದದ್ದು ಬೇರೆಯವರಿಗೆ ಗೋಡೆ ಎಂದು ಅವರಿಗೆ ಹೊಳೆದಿರಲಿಲ್ಲ. ಚೀಟಿಯಲ್ಲಿ ಜಾಗವಿಲ್ಲ, ಅಕ್ಷರ ಇನ್ನೂ ಸಣ್ಣದಾಗುತ್ತದೆ ಎಂದು ಗೊಣಗಿದರು. ಸುಮಂಗಲಾ ಅದಕ್ಕೂ ಸಿದ್ಧವಾಗಿ ಬಂದಿದ್ದಳು. ಚೀಟಿಯಲ್ಲಿದ್ದ ಕಂಪನಿಯ ಹೊಗಳಿಕೆಯ ಸಾಲುಗಳನ್ನು ತೋರಿಸಿ, "ರೇಷ್ಮೆಯಂಥ ನುಣುಪು ಅಂತ ಎರಡು ಕಡೆ ಇದೆ. ಒಂದನ್ನು ತೆಗೆದರೆ ಜಾಗ ಸಿಗುತ್ತದೆ," ಎಂದಳು.

ಸೂರ್ಯನಾರಾಯಣ ಗಟ್ಟಿಯಾಗಿ ನಕ್ಕುಬಿಟ್ಟರು. ಮಧ್ಯಾಹ್ನದ ತನಕ ಇಬ್ಬರೂ ಕೂತು ಚೀಟಿಯನ್ನು ತಿದ್ದಿದರು. ಎಚ್ಚರಿಕೆ ಚೀಟಿಯ ಮೇಲ್ತುದಿಗೆ ಬಂದು ದಪ್ಪ ಅಕ್ಷರದಲ್ಲಿ ಕೂತಿತು: 'ಮೊಡವೆ ಅಥವಾ ಸುಕ್ಕಿಗೆಂದು ರಾತ್ರಿ ಮುಖಕ್ಕೆ ಏನಾದರೂ ಹಚ್ಚುತ್ತೀರಾ? ಆ ಟ್ಯೂಬಿನ ಮೇಲೆ ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್ ಎಂದಿದ್ದರೆ ಅಲ್ಲಿ ವ್ಯಾಕ್ಸ್ ಬೇಡ. ಮೊಡವೆಗೆ ಗುಳಿಗೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ಮೈಯ ಯಾವ ಭಾಗಕ್ಕೂ ಬೇಡ.' ಪ್ಯಾಚ್ ಟೆಸ್ಟಿನ ಸಾಲೂ ಬದಲಾಯಿತು. 'ಎಲ್ಲಿ ಕೂದಲು ತೆಗೆಯಬೇಕೋ ಅದೇ ಭಾಗದ ಒಂದು ಮೂಲೆಯಲ್ಲಿ ಮೊದಲು ಬಳಸಿ. ಒಂದು ಪೂರ್ತಿ ದಿನ ಕಾಯಿರಿ. ಕೆಂಪು, ಉರಿ, ತುರಿಕೆ ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ.' ವಾಕ್ಯ ಮೊದಲಿನಷ್ಟು ಚಿಕ್ಕದಾಗಿರಲಿಲ್ಲ. ಸುಮಂಗಲಾಳಿಗೆ ಅದರ ಬಗ್ಗೆ ಬೇಸರವೂ ಆಗಲಿಲ್ಲ. ಸೂರ್ಯನಾರಾಯಣ ಅದನ್ನೇ ಇಂಗ್ಲಿಷಿಗೂ ತೆಲುಗಿಗೂ ಹಾಕುವುದಾಗಿ ಹೇಳಿದರು.

ಅಚ್ಚಿಗೆ ಹೋಗುವ ಮುಂಚೆ ಅದನ್ನು ಇನ್ನೊಬ್ಬರಿಗೆ ಓದಿ ಹೇಳಬೇಕೆಂದು ಸುಮಂಗಲಾಳಿಗೆ ಅನಿಸಿತು. ಎದುರಿನ ಓಣಿಯಲ್ಲಿ ಹೊಸ ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರಲ್ಲಿ ಬಹಳ ಮಂದಿ ದೇವದುರ್ಗದ ಕಡೆಯವರು. ಅವರಲ್ಲಿ ಗದಿಗೆಮ್ಮ ಎಂಬಾಕೆ ನೀರು ಕೇಳಲು ಬರುತ್ತ ಪರಿಚಯವಾಗಿದ್ದಳು. ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಊಟದ ಬಿಡುವಿನಲ್ಲಿ ಸುಮಂಗಲಾ ಅವಳನ್ನು ಮೆಟ್ಟಿಲ ಮೇಲೆ ಕೂಡಿಸಿಕೊಂಡು ಇಡೀ ಚೀಟಿ ಓದಿದಳು.

ಗದಿಗೆಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದಳು. ಮೊಡವೆ ಜೆಲ್ಲಿನ ಮಾತು ತಿಳಿಯಿತು. ಮೂಲೆಯಲ್ಲಿ ಹಚ್ಚಿ ನೋಡುವ ಮಾತಿಗೆ, "ಹೊಸಾ ಕೊಡಕ್ಕ ಮೊದ್ಲು ಒಂದೀಟು ನೀರ್ ಹಾಕಿ ಸೋರ್ತೈತೇನಂತ ನೋಡಿದಂಗ ಹೌದಲ್ರಿ?" ಎಂದಳು. ಸುಮಂಗಲಾಳಿಗೆ ಹಿಗ್ಗಾಯಿತು. ಓದು ಮುಂದುವರಿದು, ಕ್ರೀಮು ಹಚ್ಚಿದ ಮೇಲೆ ಒಂದು ದಿನ ಬಿಸಿಲಿಗೆ ಹೋಗಬಾರದು ಎಂಬ ಸಾಲಿಗೆ ಬಂತು.

"ನಿಂದ್ರಿ," ಎಂದಳು ಗದಿಗೆಮ್ಮ. "ಬಿಸಿಲಿಗೆ ಹೋಗ್ಬಾರ್ದಂದ್ರ ನಮ್ಮಂಥವರು ಕೆಲಸಕ್ಕ ಹೋಗೋದು ಬಿಡ್ಬೇಕೇನು? ಇಲ್ಲಾ ಮೈ ಮುಚ್ಕೊಂಡ್ರ ನಡೀತೈತೇನು? ಬೆವರು ಬಂದ್ರ ಏನಾಗ್ತೈತಿ?"

ಸುಮಂಗಲಾ ಚೀಟಿಯ ಆ ಸಾಲನ್ನು ಮತ್ತೆ ನೋಡಿದಳು. ಅದರಲ್ಲಿ ಇದ್ಯಾವುದೂ ಇರಲಿಲ್ಲ. ತುಂಬು ತೋಳಿನ ಅಂಗಿ ಹಾಕಿದರೆ ಸಾಕೋ, ಒಳಗಿನ ಬೆವರು ಉರಿ ತರುತ್ತದೋ, ರಜೆಯ ಹಿಂದಿನ ದಿನ ಸಂಜೆಗೆ ಹಚ್ಚಿಕೊಳ್ಳಿ ಎನ್ನಬೇಕೋ. ಅವಳು ಫೋನು ತೆಗೆದು ಸೂರ್ಯನಾರಾಯಣರ ನಂಬರು ಒತ್ತಿ, ಸ್ಪೀಕರ್ ಹಾಕಿ, ಗದಿಗೆಮ್ಮನ ಕಡೆ ಹಿಡಿದಳು.

"ನೀನ ಕೇಳು," ಎಂದಳು. "ನಾ ತೆಲುಗಿನಾಗ ಹೇಳ್ತೀನಿ."